ಕ್ಯಾಮೆರಾ ಬೇರೆ ನೆಟ್‌ವರ್ಕ್‌ನಲ್ಲಿದ್ದರೂ ಫೋನಿನಲ್ಲಿ ಕಾಣುತ್ತದೆ

ಕ್ಯಾಮೆರಾಗಳನ್ನು ಮನೆಯ ಕಂಪ್ಯೂಟರ್‌ಗಳಿಂದ ಬೇರೆ ಮಾಡಿ ಅಂದರೆ ಈಗ ಯಾರೂ ತಕರಾರು ಮಾಡುವುದಿಲ್ಲ. ಒಂದೇ ತಂತಿಯಲ್ಲಿ ಬೇರೆ ಬೇರೆ ನೆಟ್‌ವರ್ಕ್ ನಡೆಸುವ ವಿಎಲ್ಯಾನ್ ಇರುವ ರೌಟರ್, ಮ್ಯಾನೇಜ್ಡ್ ಸ್ವಿಚ್ ಎಲ್ಲವನ್ನೂ ತರುತ್ತಾರೆ. ತಕರಾರು ಬರುವುದು ಮರುದಿನ. "ಏನಪ್ಪಾ, ಫೋನಲ್ಲಿ ಏನೂ ಬರ್ತಿಲ್ಲ. ಪೋರ್ಟ್ ಓಪನ್ ಮಾಡಿಸಿ ಅಂತ ನಮ್ಮ ಅಳಿಯ ಹೇಳ್ತಿದ್ದಾನೆ." ಇಂಥ ಅಳಿಯ ಪ್ರತಿ ಮನೆಯಲ್ಲೂ ಒಬ್ಬ ಇರುತ್ತಾನೆ.

ಮೈಸೂರಿನ ಒಬ್ಬ ದಂತವೈದ್ಯರ ಕಟ್ಟಡವನ್ನೇ ತೆಗೆದುಕೊಳ್ಳೋಣ. ಕೆಳಗೆ ಕ್ಲಿನಿಕ್, ಮೇಲೆ ಮನೆ. ಕಂಪ್ಯೂಟರ್, ಫೋನುಗಳು 192.168.72.0/24ರಲ್ಲಿ. ಕ್ಯಾಮೆರಾಗಳು, ಅವುಗಳ ವೀಡಿಯೊ ರೆಕಾರ್ಡ್ ಮಾಡುವ ಎನ್‌ವಿಆರ್ 192.168.73.0/24ರಲ್ಲಿ. ಎನ್‌ವಿಆರ್‌ನ ವಿಳಾಸ 192.168.73.10. ಡಾಕ್ಟರ ಲೆಕ್ಕದಲ್ಲಿ, ಬೇರೆ ಮಾಡಿದ ಮೇಲೆ ಎರಡೂ ಕಡೆ ಪೂರ್ತಿ ಸಂಬಂಧ ಕಡಿದ ಹಾಗೆ. ಅದು ಹಾಗಲ್ಲ. ಫೈರ್‌ವಾಲ್ ನೋಡುವುದು ಮಾತು ಶುರು ಮಾಡಿದವರು ಯಾರು ಅನ್ನುವುದನ್ನು. ಹಿಂದೆ ಟೆಲಿಫೋನ್ ಡಯಲ್‌ಗೆ ಬೀಗ ಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಹೊರಗಿನವರು ಫೋನ್ ಮಾಡಿದರೆ ಎರಡೂ ಕಡೆಯವರು ಆರಾಮವಾಗಿ ಮಾತಾಡಬಹುದು. ಒಳಗಿನಿಂದ ಡಯಲ್ ಮಾಡಲು ಮಾತ್ರ ಆಗುವುದಿಲ್ಲ. ಎನ್‌ವಿಆರ್‌ಗೂ ಹಾಗೆಯೇ: ನೀವು ಕೇಳಿದರೆ ವೀಡಿಯೊ ಕೊಡುತ್ತದೆ, ತಾನಾಗಿ ನಿಮ್ಮ ಕಂಪ್ಯೂಟರನ್ನು ತಟ್ಟುವಂತಿಲ್ಲ.

ರೌಟರ್‌ನ nftables ಫೈರ್‌ವಾಲ್‌ನಲ್ಲಿ, forward ಚೈನ್ ಒಳಗೆ, ಇದು ನಾಲ್ಕೇ ಸಾಲು. ನಿಮ್ಮ ರೌಟರ್‌ನಲ್ಲಿ ಇಂಟರ್ಫೇಸ್ ಹೆಸರು ಬೇರೆ ಇರಬಹುದು:

```
ct state established,related accept
iifname "lan" oifname "cam" accept
iifname "wg0" ip daddr 192.168.73.10 accept
iifname "cam" drop
```

ಮೊದಲ ಸಾಲೇ ಜೀವಾಳ. ಶುರುವಾದ ಮಾತಿಗೆ ಉತ್ತರ ಬರಲು ಬಿಡುವುದು ಅದು. ಅದನ್ನು ಮರೆತರೆ ಎರಡನೇ ಸಾಲು ಇದ್ದೂ ಪ್ರಯೋಜನವಿಲ್ಲ. ಚೈನ್‌ನ ಪಾಲಿಸಿ drop ಇರಬೇಕು. ಮನೆಯಿಂದ ಇಂಟರ್ನೆಟ್‌ಗೆ ಹೋಗುವ ಸಾಲು ಬೇರೆ ಇದ್ದೇ ಇರುತ್ತದೆ.

ಹಾಗಾದರೆ ಡಾಕ್ಟರ ಫೋನಿನಲ್ಲಿ ಯಾಕೆ ಬರಲಿಲ್ಲ? ಅವರು ಎನ್‌ವಿಆರ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಆ್ಯಪ್‌ಗೆ ಸೇರಿಸಿದ್ದರು. ಹಾಗೆ ಸೇರಿಸಿದರೆ ಆ್ಯಪ್ ಸಾಮಾನ್ಯವಾಗಿ ಕಂಪನಿಯ ಸರ್ವರ್ ಮೂಲಕವೇ ಎನ್‌ವಿಆರ್ ಹುಡುಕುತ್ತದೆ. ನಾಲ್ಕನೇ ಸಾಲು ಆ ದಾರಿ ಮುಚ್ಚಿದೆ. ಅದಕ್ಕೇ ಸೋಫಾದಲ್ಲಿ ಕೂತು ನೋಡಿದರೂ ಆಫ್‌ಲೈನ್. ಅದನ್ನು ಅಳಿಸಿ, ಐಪಿ ವಿಳಾಸ ಕೊಟ್ಟು ಹೊಸದಾಗಿ ಸೇರಿಸಬೇಕು. ಪೋರ್ಟ್ ಹಿಕ್‌ವಿಷನ್‌ನಲ್ಲಿ ಸಾಮಾನ್ಯವಾಗಿ 8000, ದಹುವಾದಲ್ಲಿ 37777. ಇದೇ ನಂಬರನ್ನು ಇಂಟರ್ನೆಟ್‌ಗೆ ತೆರೆಯಿರಿ ಅನ್ನುವುದು ಅಳಿಯನ ಸಲಹೆ. ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕಲ್ವಾ ಅಂತಾರೆ. 2021ರಲ್ಲಿ ಹಿಕ್‌ವಿಷನ್ ಉಪಕರಣಗಳಲ್ಲಿ ಸಿಕ್ಕ CVE-2021-36260 ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ತಿದ್ದಿದ ಫರ್ಮ್‌ವೇರ್ ಬಂತು, ನಿಜ. ಆದರೆ ಅದನ್ನು ಹಾಕಿಕೊಂಡವರು ಎಷ್ಟು ಜನ?

ಹೊರಗಿನಿಂದ ನೋಡಲು ವೈರ್‌ಗಾರ್ಡ್ ಎಂಬ ವಿಪಿಎನ್ ಸಾಕು, ಮೂರನೇ ಸಾಲಿನ wg0 ಅದೇ. ಫೋನಿನ `AllowedIPs`ನಲ್ಲಿ 192.168.73.10/32 ಅಷ್ಟೇ ಬರೆಯಿರಿ. ಆಗ ಫೋನಿನ ಉಳಿದ ಕೆಲಸ ಎಂದಿನಂತೆ ನಡೆಯುತ್ತದೆ. ವಿಳಾಸಕ್ಕೆ 192.168.1.0 ಬಿಟ್ಟು 73 ಆರಿಸಿದ್ದಕ್ಕೂ ಕಾರಣವಿದೆ. ಆಫೀಸು, ಹೋಟೆಲುಗಳ ವೈಫೈ ಎಷ್ಟೋ ಕಡೆ ಆ 1ರಲ್ಲೇ ಇರುತ್ತದೆ. ಎರಡೂ ಒಂದೇ ಆದರೆ ವಿಪಿಎನ್ ಕನೆಕ್ಟ್ ಆದರೂ ಚಿತ್ರ ಬಾರದಿರಬಹುದು.

ಇನ್ನೊಂದು ತೊಡಕು ನಮ್ಮ ಬ್ರಾಡ್‌ಬ್ಯಾಂಡ್‌ನದು. ರೌಟರ್‌ನ ವ್ಯಾನ್ ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವು ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಹಂಚುವ ಸಿಜಿನ್ಯಾಟ್ ಹಿಂದೆ ಇದ್ದೀರಿ ಎಂದರ್ಥ. ಆ ಐಪಿವಿ4 ವಿಳಾಸಕ್ಕೆ ಹೊರಗಿನಿಂದ ನೇರವಾಗಿ ಬರಲಾಗದು. ಅಳಿಯ ಪೋರ್ಟ್ ತೆರೆದರೂ ಸುಮ್ನೆ. ಸ್ಟ್ಯಾಟಿಕ್ ಐಪಿ ಕೊಳ್ಳಬೇಕು, ಇಲ್ಲವೇ ಟೇಲ್‌ಸ್ಕೇಲ್‌ನಂಥದ್ದನ್ನು ಹಾಕಬೇಕು. ಡಾಕ್ಟರು ದುಡ್ಡು ಕೊಟ್ಟು ಮೊದಲನೆಯದನ್ನು ಆರಿಸಿದರು.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಯಾರೋ ಓಡಾಡಿದರು ಅನ್ನುವ ನೋಟಿಫಿಕೇಷನ್ ಬರುವುದು ಕಂಪನಿಯ ಸರ್ವರ್‌ನಿಂದ, ಅದು ನಿಲ್ಲುತ್ತದೆ. ಅದು ಬೇಕೇ ಬೇಕೆಂದರೆ ಎನ್‌ವಿಆರ್ ಒಂದಕ್ಕೆ ಇಂಟರ್ನೆಟ್ ಕೊಡಿ, ಕ್ಯಾಮೆರಾಗಳಿಗೆ ಬೇಡ. ಇಂಟರ್ನೆಟ್ ಇಲ್ಲದ ಎನ್‌ವಿಆರ್‌ನ ಗಡಿಯಾರವೂ ನಿಧಾನವಾಗಿ ತಪ್ಪುತ್ತದೆ. ಕಳವಾದ ದಿನದ ವೀಡಿಯೊದಲ್ಲಿ ಹೊತ್ತು ತಪ್ಪಿದ್ದರೆ ಪೊಲೀಸರ ಮುಂದೆ ಪೇಚಾಟ. ರೌಟರ್‌ನಲ್ಲೇ ಸರಿಯಾದ ಹೊತ್ತು ತಿಳಿಸುವ ಎನ್‌ಟಿಪಿ ಸರ್ವರ್ ಆನ್ ಮಾಡಿ, ಎನ್‌ವಿಆರ್‌ಗೆ ಅದರ ವಿಳಾಸ ಕೊಡಿ. ಸ್ಮಾರ್ಟ್ ಬಲ್ಬು, ಪ್ಲಗ್‌ಗಳು ಇಲ್ಲಿಗೆ ಬೇಡ. ಬಹುಪಾಲು ಅವು ಇಂಟರ್ನೆಟ್ ಇಲ್ಲದೆ ಕೆಲಸ ಮಾಡುವುದಿಲ್ಲ. ಅವಕ್ಕೆ ಮೂರನೇ ವಿಭಾಗ ಮಾಡಿ, ಇಂಟರ್ನೆಟ್ ಕೊಡಿ, ಮನೆಯ ಕಡೆ ಬಿಡಬೇಡಿ.

ಕೊನೆಗೆ ಪರೀಕ್ಷೆ ಮಾಡದೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ವೈರ್‌ಗಾರ್ಡ್ ಹಾಕಿ: ಎನ್‌ವಿಆರ್ ಕಾಣಬೇಕು. ಆಮೇಲೆ ಲ್ಯಾಪ್‌ಟಾಪನ್ನು ಕ್ಯಾಮೆರಾದ ಪೋರ್ಟ್‌ಗೇ ಚುಚ್ಚಿ, ಕ್ಲಿನಿಕ್‌ನ ಪ್ರಿಂಟರ್ ಪುಟ ತೆರೆಯಲು ನೋಡಿ. ಅದು ತೆರೆದುಕೊಂಡರೆ ನೆಟ್‌ವರ್ಕ್ ಬೇರೆಯಾಗಿಲ್ಲ, ವೈಫೈ ಹೆಸರು ಮಾತ್ರ ಬೇರೆಯಾಗಿದೆ.