ಮೊದಲು ಮಗುವಿನ ಹೆಸರು, ಆಮೇಲೆ ಅ ಆ ಇ ಈ

ಅಂಗನವಾಡಿಯ ಗೋಡೆಯ ಚಿತ್ರಪಟದಲ್ಲಿ ‘ಮ’ ಅಕ್ಷರದ ಪಕ್ಕ ಮನೆಯ ಚಿತ್ರ ಇರುತ್ತದೆ. ಕಾರವಾರದ ಕಡೆ ಕೊಂಕಣಿ ಮಾತಾಡುವ ಮನೆಯಿಂದ ಬಂದ ಮಗು ಅದನ್ನು ನೋಡಿ ‘ಘರ’ ಅನ್ನುತ್ತದೆ. ಮಗು ಹೇಳಿದ್ದು ಸರಿ, ಆದರೆ ಚಿತ್ರಕ್ಕೂ ಅಕ್ಷರಕ್ಕೂ ನಂಟು ತಪ್ಪಿತು. ಹೆಸರಿಗೆ ಈ ತೊಡಕಿಲ್ಲ. ಮನೆಮಾತು ಕೊಂಕಣಿಯಿರಲಿ, ಹವ್ಯಕ ಕನ್ನಡವಿರಲಿ, ಹಾಲಕ್ಕಿ ಕನ್ನಡವಿರಲಿ, ಗಣಪತಿ ಗಣಪತಿಯೇ. ಮೂರೂವರೆ ನಾಲ್ಕು ವರ್ಷದ ಮಗುವಿಗೆ ಮೊದಲ ಅಕ್ಷರಗಳನ್ನು ಅದರ ಹೆಸರಿನಿಂದಲೇ ಎತ್ತಿಕೊಡಿ ಎನ್ನುವುದು ಅದಕ್ಕೇ.

ಯಾವ ಹೆಸರು? ಮಗುವಿಗೆ ತನ್ನದು ಅನಿಸುವ ಹೆಸರು. ದಾಖಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಇದ್ದರೆ ಕರೆಯುವ ಹೆಸರೇ ಒಳ್ಳೆಯದು. ಆದರೆ ಶಿರಸಿ ಕಡೆಯ ‘ಅಪ್ಪಿ’, ‘ಕೂಸು’ ಬೇಡ. ಒಂದೇ ಕೋಣೆಯಲ್ಲಿ ಮೂವರು ಅಪ್ಪಿಗಳಿದ್ದರೆ ಆಟವೇ ನಡೆಯುವುದಿಲ್ಲ.

ಚೀಟಿಗೆ ಮದುವೆ ಕಾಗದದ ದಪ್ಪ ರಟ್ಟು ಸಾಕು. ಒಂದೊಂದು ಅಕ್ಷರಕ್ಕೆ ಸುಮಾರು ಮೂರು ಇಂಚು ಜಾಗ ಬಿಟ್ಟು ದಪ್ಪ ಕಪ್ಪು ಮಾರ್ಕರ್‌ನಲ್ಲಿ ಬರೆಯಿರಿ. ಎಲ್ಲ ಮಕ್ಕಳ ಚೀಟಿಯೂ ಒಂದೇ ಬಣ್ಣ, ಒಂದೇ ಎತ್ತರ ಇರಲಿ. ಹೂವು, ಸ್ಟಿಕ್ಕರ್ ಅಂಟಿಸಿದರೆ ಮಗು ಗುರುತಿಸುವುದು ಹೂವನ್ನು, ಹೆಸರನ್ನಲ್ಲ. ಮಡಿಚಿದ ಮೂಲೆ, ಎಣ್ಣೆ ಕಲೆ ನೋಡಿ ಚೀಟಿ ಎತ್ತುವ ಮಕ್ಕಳೂ ಇದ್ದಾರೆ. ಹಾಗಾಗಿ ಹಾಳಾದ ಚೀಟಿಯನ್ನು ತಡಮಾಡದೆ ಹೊಸದಾಗಿ ಬರೆಯಬೇಕು. ನಮ್ಮ ಮಳೆಗಾಲದಲ್ಲಿ ರಟ್ಟು ಉಬ್ಬಿ ಬೂಸಲು ಹಿಡಿಯುತ್ತದೆ. ಎರಡೂ ಬದಿಗೆ ಪಾರದರ್ಶಕ ಟೇಪು ಹಚ್ಚಿ, ಅಂಚನ್ನೂ ಮುಚ್ಚಿ.

ಮೊದಲ ಆಟ ಹಾಜರಿಯದು. ಬೆಳಿಗ್ಗೆ ಬಂದ ಮಗು ತನ್ನ ಚೀಟಿ ಹುಡುಕಿ ಡಬ್ಬಿಗೆ ಹಾಕಬೇಕು. ಶುರುವಿಗೆ ಎರಡೇ ಚೀಟಿ ಮುಂದಿಡಿ, ಅವೂ ತೀರ ಬೇರೆ ಬೇರೆ ಕಾಣುವಂಥವು: ಗಣಪತಿ, ಉಮಾ. ತಪ್ಪದೆ ಎತ್ತತೊಡಗಿದ ಮೇಲೆ ನಾಲ್ಕು, ಆಮೇಲೆ ಎಲ್ಲವನ್ನೂ ಇಡಿ. ಕೊನೆಗೆ ಗಣಪತಿಯ ಪಕ್ಕ ಗಣೇಶನನ್ನು ಇಟ್ಟು ನೋಡಿ. ಇಲ್ಲಿ ಮಗು ತಡವರಿಸಿದರೆ ಅದು ಇಷ್ಟು ದಿನ ‘ಗ’ ಒಂದನ್ನೇ ನೋಡಿ ಚೀಟಿ ಎತ್ತುತ್ತಿತ್ತು ಎಂದರ್ಥ. ಹೆಸರನ್ನು ಕತ್ತರಿಸುವ ಆಟಕ್ಕೆ ಇದೇ ಸರಿಯಾದ ಹೊತ್ತು.

ಗಣಪತಿಯ ಇನ್ನೊಂದು ಚೀಟಿ ಬರೆದು ನಾಲ್ಕು ತುಂಡು ಮಾಡಿ: ಗ, ಣ, ಪ, ತಿ. ಪ್ರತಿ ತುಂಡಿನ ಕೆಳಗೊಂದು ಗೆರೆ ಎಳೆಯಿರಿ, ಇಲ್ಲದಿದ್ದರೆ ಮಗು ತುಂಡನ್ನು ತಲೆಕೆಳಗಾಗಿ ಇಟ್ಟು ಅದನ್ನೇ ರೂಢಿ ಮಾಡಿಕೊಳ್ಳುತ್ತದೆ. ಮೊದಲು ಇಡೀ ಚೀಟಿಯ ಮೇಲೆಯೇ ತುಂಡು ಜೋಡಿಸಲಿ, ಆಮೇಲೆ ಚೀಟಿಯ ಕೆಳಗೆ, ಕೊನೆಗೆ ಚೀಟಿ ನೋಡದೆ. ಒಂದು ಸಲಕ್ಕೆ ಐದು ನಿಮಿಷ ಸಾಕು.

ಇಲ್ಲಿ ಸಾಮಾನ್ಯವಾಗಿ ಒಂದು ತುಂಡು ಉಳಿದುಹೋಗುತ್ತದೆ, ಹೆಚ್ಚಾಗಿ ‘ಣ’. ಕಾರಣ ಮಗುವಿನ ಮರೆವಲ್ಲ, ನಮ್ಮ ಬಾಯಿ. ನಾವು ಕರೆಯುವುದು ‘ಗಣ್ಪತಿ’ ಎಂದು. ಮಗು ಚಪ್ಪಾಳೆ ತಟ್ಟಿದರೂ ಗಣ್-ಪ-ತಿ ಎಂದು ಮೂರೇ ಸಲ. ತುಂಡು ಮುಟ್ಟುತ್ತ ‘ಗ, ಣ, ಪ, ತಿ’ ಎಂದು ಬಿಡಿಸಿ ಹೇಳಿದರೆ ಸರಿಹೋಗುತ್ತದೆ.

ಒತ್ತಕ್ಷರದ ಹೆಸರಿನಲ್ಲಿ ಇನ್ನೂ ಎಚ್ಚರ ಬೇಕು. ಪುಷ್ಪಾ ಎಂಬ ಹುಡುಗಿ ಚಪ್ಪಾಳೆ ತಟ್ಟುವುದು ‘ಪುಷ್-ಪಾ’ ಎಂದು. ನಾವು ಬರೆಯುವುದು ‘ಪು’ ಮತ್ತು ‘ಷ್ಪಾ’. ಎರಡೂ ಕಡೆ ಲೆಕ್ಕ ಎರಡೇ, ಆದರೆ ಒಡೆಯುವ ಜಾಗ ಬೇರೆ. ಇಂಥ ಹೆಸರಿಗೆ ಚಪ್ಪಾಳೆ ಬಿಟ್ಟು ತುಂಡು ಮುಟ್ಟಿ ಹೇಳುವುದನ್ನಷ್ಟೇ ಇಟ್ಟುಕೊಳ್ಳಿ. ಒತ್ತನ್ನು ಕತ್ತರಿಸಿ ಬೇರೆ ಮಾಡಲೇಬೇಡಿ. ‘ಲಕ್ಷ್ಮಿ’ಯಲ್ಲಿ ‘ಲ’ ಒಂದು ತುಂಡು, ‘ಕ್ಷ್ಮಿ’ ಒಂದು ತುಂಡು, ಅಷ್ಟೇ. ಒತ್ತಕ್ಷರ ಕೊನೆಯ ಪಾಠವಲ್ಲವೇ, ಈಗಲೇ ಹೇಗೆ ಎಂದು ಕೇಳುವವರಿದ್ದಾರೆ. ಆ ಮಗುವಿಗೆ ‘ಕ್ಷ್ಮಿ’ಯ ಒಳಗೆ ಏನೇನಿದೆ ಎಂದು ತಿಳಿಯಬೇಕಾಗಿಲ್ಲ. ಅದು ತನ್ನ ಹೆಸರಿನ ಒಂದು ಆಕಾರ ಎಂದು ಗುರುತಾದರೆ ಸಾಕು, ಬಿಡಿಸುವುದು ಶಾಲೆಗೆ ಹೋದ ಮೇಲೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೆ ಚಾಚಿಕೊಳ್ಳುವುದು ಕಂಡಿದೆ.

ನಾಲ್ಕೂ ತುಂಡು ಸಲೀಸಾಗಿ ಜೋಡಿಸಿದ ಮಾತ್ರಕ್ಕೆ ಅಕ್ಷರ ಬಂತು ಎನ್ನಬೇಡಿ. ‘ಪ’ ಒಂದನ್ನೇ ಚೀಲದಿಂದ ತೆಗೆದು ತೋರಿಸಿ. ಮಗು ಒಳಗೊಳಗೇ ‘ಗ, ಣ...’ ಎಂದು ಹೇಳಿಕೊಂಡು ‘ಪ’ಕ್ಕೆ ಬಂದರೆ ಅದಕ್ಕೆ ಗೊತ್ತಿರುವುದು ಸಾಲು. ‘ಅ ಆ ಇ ಈ’ಯನ್ನು ರಾಗವಾಗಿ ಹೇಳಿ ನಡುವಿನ ‘ಎ’ ತೋರಿಸಿದರೆ ಸುಮ್ಮನಾಗುವ ಮಗುವಿನ ಕಥೆಯೂ ಇದೇ. ಆಗ ಚೀಲದಿಂದ ಒಂದೊಂದೇ ತುಂಡು ಎತ್ತಿ ಹೆಸರು ಹೇಳುವ ಆಟ ಮಾಡಿಸಿ, ಪ್ರತಿ ಸಲ ಕ್ರಮ ಬದಲಾಗಲಿ. ‘ಪ’ ಗಟ್ಟಿಯಾಗುವ ತನಕ ಅದನ್ನು ಹೋಲುವ ‘ವ’, ‘ಷ’ಗಳನ್ನು ಪಕ್ಕದಲ್ಲಿ ಇಡಬೇಡಿ.

ಮುಂದಿನದು ಗೆಳೆಯರ ಹೆಸರಿನಲ್ಲಿ ತನ್ನ ಅಕ್ಷರ ಹುಡುಕುವ ಆಟ. ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ. ಗಣಪತಿಯ ‘ಗ’ ನಾಗರಾಜನಲ್ಲಿ ಇದೆ, ‘ತಿ’ ಭಾರತಿಯಲ್ಲಿ ಇದೆ. ಸವಿತಾ ಎಂಬಲ್ಲಿ ‘ತಿ’ ಇಲ್ಲ, ‘ತಾ’ ಇದೆ. ತಲೆಕಟ್ಟು ಹೋಗಿ ಗುಡಿಸು ಬಂದರೆ ‘ತ’ದ ಮೇಲ್ಭಾಗವೇ ಬದಲಾಗುತ್ತದೆ. ಹಾಗಾಗಿ ತನ್ನ ‘ತಿ’ ಗೊತ್ತಿರುವ ಮಗುವಿಗೆ ‘ತ’ ಅಪರಿಚಿತವಾಗಿ ಕಂಡರೆ ಅಚ್ಚರಿಯಿಲ್ಲ. ‘ತಿ’, ‘ತಾ’ ಎರಡನ್ನೂ ಒಂದರ ಕೆಳಗೊಂದು ಇಟ್ಟು, ಎರಡರಲ್ಲೂ ಒಂದೇ ಆಗಿರುವ ಕೆಳಭಾಗವನ್ನು ಬೆರಳಿನಿಂದ ತಿದ್ದಿಸಿ. ಗುಡಿಸು ಬೇರೆ ಕಡೆಯೂ ಸಿಗುತ್ತದೆ ಎಂದು ತೋರಿಸಲು ಬಸ್ಸಿನ ಬೋರ್ಡು ಇದೆ: ‘ಶಿರಸಿ’ಯಲ್ಲಿ ಎರಡು ಗುಡಿಸು. ‘ಗೋಕರ್ಣ’ದ ಬೋರ್ಡು ನೋಡಿ ಮಗು ‘ನನ್ನ ಗ!’ ಎಂದರೆ ಅಲ್ಲ ಎನ್ನಬೇಡಿ. ‘ಹೌದು, ಇಲ್ಲಿ ಅದು ಗೋ ಆಗಿದೆ’ ಎನ್ನಿ.

ಗಣಪತಿ, ಸವಿತಾ, ನಾಗರಾಜ, ಮಂಜುನಾಥ, ಭಾರತಿ: ಈ ಐದೇ ಹೆಸರಿನಲ್ಲಿ ಗ, ಣ, ಪ, ತ, ಸ, ವ, ನ, ರ, ಜ, ಮ, ಥ, ಭ ಎಂಬ ಹನ್ನೆರಡು ವ್ಯಂಜನಗಳು ಬಂದವು. ಇಳಿ, ಗುಡಿಸು, ಕೊಂಬು, ಸೊನ್ನೆಗಳನ್ನೂ ಮಕ್ಕಳು ಕಂಡಾಯಿತು. ಬಾರದೆ ಉಳಿದವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕ, ಡ, ಲ ಬೇಕಾದರೆ ‘ಕಡಲು’ ಇದೆ. ಹೆಸರುಗಳಲ್ಲಿ ಹೆಚ್ಚು ಕೊರತೆ ಬೀಳುವುದು ಸ್ವರಗಳದು, ಯಾಕೆಂದರೆ ಅವು ತಮ್ಮ ಸ್ವಂತ ರೂಪದಲ್ಲಿ ಬರುವುದು ಹೆಚ್ಚಾಗಿ ಹೆಸರಿನ ಮೊದಲಲ್ಲಿ ಮಾತ್ರ. ಅವನ್ನು ಅಜ್ಜ, ಆಯಿ, ಊಟ, ಎಲೆ ಎಂದು ಮನೆಯ ಮಾತಿನಿಂದ ತನ್ನಿ. ಕೊಂಕಣಿ ಮಕ್ಕಳಿದ್ದರೆ ಅವರ ಮನೆಯಲ್ಲಿ ಏನನ್ನುತ್ತಾರೆ ಎಂದು ಮೊದಲು ತಾಯಂದಿರನ್ನೇ ಕೇಳಿ.

ಬರೆಸುವ ಅವಸರ ಬೇಡ. ತಟ್ಟೆಯಲ್ಲಿ ಮರಳು ಹಾಕಿ ಬೆರಳಲ್ಲಿ ತಿದ್ದಿಸಿ. ಒಣ ಮರಳಿನಲ್ಲಿ ಗೆರೆ ಕುಸಿದು ‘ಣ’ದ ಸುತ್ತುಗಳು ಮುಚ್ಚಿಹೋಗುತ್ತವೆ. ನೀರು ಚಿಮುಕಿಸಿ ಕಲಸಿದರೆ ಗೆರೆ ನಿಲ್ಲುತ್ತದೆ. ಗೋಡೆಯ ವರ್ಣಮಾಲೆ ಪಟವನ್ನು ತೆಗೆಯಬೇಕಾಗಿಲ್ಲ. ಮಗುವಿಗೆ ಹತ್ತು ಹನ್ನೆರಡು ಅಕ್ಷರ ಬಿಡಿಬಿಡಿಯಾಗಿ ಗುರುತಾದ ಮೇಲೆ ಅದನ್ನು ಪಟದ ಮುಂದೆ ನಿಲ್ಲಿಸಿ, ಗೊತ್ತಿರುವ ಅಕ್ಷರದ ಮೇಲೆಲ್ಲ ಒಂದೊಂದು ಬಿಂದಿ ಅಂಟಿಸಲು ಹೇಳಿ. ಬಿಂದಿ ಬೀಳದ ಜಾಗಗಳನ್ನು ನೋಡಿ ಮುಂದಿನ ವಾರದ ಚೀಟಿ ಬರೆಯಿರಿ.