ನೆರೆಯವರನ್ನಷ್ಟೇ ಹಿಡಿಯುವ ಬಲ

ಎರಡು ಪ್ರೋಟಾನುಗಳು ಒಂದರಿಂದೊಂದು 2 ಫೆರ್ಮಿ ದೂರದಲ್ಲಿವೆ ಎಂದುಕೊಳ್ಳೋಣ. ಫೆರ್ಮಿ ಎಂದರೆ 10⁻¹⁵ ಮೀಟರ್; ಪರಮಾಣು ಬೀಜದೊಳಗೆ ಅಕ್ಕಪಕ್ಕದ ಕಣಗಳ ನಡುವಣ ಅಂತರ ಸುಮಾರು ಇಷ್ಟೇ. ವಿದ್ಯುದಾವೇಶಗಳ ನಡುವಣ ಬಲವನ್ನು ಹೇಳುವ ಕೂಲಂಬ್ ನಿಯಮದಂತೆ ಲೆಕ್ಕ ಹಾಕಿದರೆ ಆ ಎರಡೂ ಪ್ರೋಟಾನುಗಳು ಪರಸ್ಪರ ಸುಮಾರು 58 ನ್ಯೂಟನ್ ಬಲದಿಂದ ತಳ್ಳಿಕೊಳ್ಳುತ್ತಿರುತ್ತವೆ. ಆರು ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯಲು ಬೇಕಾದಷ್ಟು ಬಲವಿದು. ಅದು ಇಲ್ಲಿ ಬೀಳುತ್ತಿರುವುದು ಸುಮಾರು 1.67 × 10⁻²⁷ ಕಿಲೋಗ್ರಾಂ ತೂಗುವ ಕಣದ ಮೇಲೆ. ಆದರೂ ಬೀಜ ಸಿಡಿದು ಹೋಗುವುದಿಲ್ಲ.

ಇದನ್ನು ಮೀರಿಸುವ ಆಕರ್ಷಣೆಯೊಂದು ಇದೆ ಎಂಬುದು ಸ್ಪಷ್ಟ; ಅದೇ ಬೈಜಿಕ ಬಲ. ಅದು ಎಷ್ಟು ಮೀರಿಸುತ್ತದೆ ಎಂಬುದನ್ನು ಅಳೆಯಲು ಪ್ರಕೃತಿಯೇ ಒಂದು ಜೋಡಿಯನ್ನು ಒದಗಿಸಿದೆ. ಟ್ರಿಟಿಯಮ್ ಬೀಜದಲ್ಲಿ ಒಂದು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನುಗಳಿವೆ. ಹೀಲಿಯಮ್-3ರಲ್ಲಿ ಎರಡು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್. ಮೊದಲನೆಯದನ್ನು ಪೂರ್ತಿ ಬಿಡಿಬಿಡಿಯಾಗಿಸಲು 8.48 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಎರಡನೆಯದಕ್ಕೆ 7.72 ಸಾಕು. ವ್ಯತ್ಯಾಸ 0.76. ಎರಡು ಫೆರ್ಮಿ ದೂರದಲ್ಲಿರುವ ಪ್ರೋಟಾನ್ ಜೋಡಿಯ ವಿಕರ್ಷಣ ಶಕ್ತಿಯನ್ನು ಬೇರೆಯಾಗಿ ಲೆಕ್ಕ ಹಾಕಿದರೆ ಸಿಗುವುದು 0.72. ಈ ಹೊಂದಿಕೆ ಸ್ಥೂಲವಾದದ್ದು. ಸೂಕ್ಷ್ಮ ಲೆಕ್ಕದಲ್ಲಿ ವಿಕರ್ಷಣೆಯ ಪಾಲು ಆ ವ್ಯತ್ಯಾಸದ ಹತ್ತರಲ್ಲಿ ಒಂಬತ್ತರಷ್ಟು. ಹಾಗಿದ್ದರೂ ಎರಡು ಸಂಗತಿಗಳು ಇದರಿಂದ ನಿಚ್ಚಳವಾಗುತ್ತವೆ: ಬೈಜಿಕ ಬಲಕ್ಕೆ ಪ್ರೋಟಾನ್ ಯಾವುದು, ನ್ಯೂಟ್ರಾನ್ ಯಾವುದು ಎಂಬ ಭೇದ ಬಹುಮಟ್ಟಿಗೆ ಇಲ್ಲ; ಮತ್ತು ಚಿಕ್ಕ ಬೀಜದಲ್ಲಿ ಪ್ರೋಟಾನುಗಳ ಜಗಳ ಒಟ್ಟು ಬಂಧನದ ಹತ್ತನೇ ಒಂದು ಭಾಗದಷ್ಟು ಮಾತ್ರ.

ಬಲ ದೊಡ್ಡದು, ಆದ್ದರಿಂದ ಬೀಜ ಗಟ್ಟಿ ಎಂದು ಇಲ್ಲಿಗೇ ನಿಲ್ಲಿಸಿದರೆ ಉತ್ತರ ಅರ್ಧವೇ ಆಗುತ್ತದೆ. ಅಷ್ಟೇ ಆಗಿದ್ದರೆ ನೂರಲ್ಲ, ಸಾವಿರ ಪ್ರೋಟಾನುಗಳ ಬೀಜವೂ ಇರಬಹುದಿತ್ತು. ಉಳಿದರ್ಧ ಉತ್ತರ ಇರುವುದು ಆ ಬಲ ಎಷ್ಟು ದೂರ ಕೈಚಾಚಬಲ್ಲದು ಎಂಬುದರಲ್ಲಿ.

ಜಪಾನಿನ ಹಿದೆಕಿ ಯುಕಾವಾ 1935ರಲ್ಲಿ ಪ್ರಕಟಿಸಿದ ವಿಚಾರ ಈ ವ್ಯಾಪ್ತಿಯನ್ನು ಒಂದು ಕಣದ ದ್ರವ್ಯರಾಶಿಯೊಂದಿಗೆ ಗಂಟು ಹಾಕಿತು. ವಿದ್ಯುತ್ಕಾಂತ ಬಲವನ್ನು ಹೊತ್ತು ತರುವ ಫೋಟಾನಿಗೆ ದ್ರವ್ಯರಾಶಿಯಿಲ್ಲ, ಹಾಗಾಗಿ ಆ ಬಲಕ್ಕೆ ಗಡಿಯೂ ಇಲ್ಲ. ಬೈಜಿಕ ಬಲದ ವಾಹಕಕ್ಕೆ ದ್ರವ್ಯರಾಶಿ ಇದ್ದರೆ, ಅದನ್ನು ಹುಟ್ಟಿಸಲು ಬೇಕಾದ ಶಕ್ತಿ ಕ್ವಾಂಟಮ್ ಅನಿಶ್ಚಿತತೆಯ ಮಿತಿಯೊಳಗೆ ಅತ್ಯಲ್ಪ ಕಾಲ ಮಾತ್ರ ದೊರೆಯುತ್ತದೆ, ಮತ್ತು ಆ ಅವಧಿಯಲ್ಲಿ ಬೆಳಕು ಕ್ರಮಿಸಬಲ್ಲ ದೂರವೇ ಬಲದ ವ್ಯಾಪ್ತಿಯಾಗುತ್ತದೆ. ಇಂದು ನಮಗೆ ತಿಳಿದಿರುವ ಪಯಾನ್ ಕಣವನ್ನೇ ತೆಗೆದುಕೊಳ್ಳಿ. ವಿದ್ಯುದಾವೇಶವುಳ್ಳ ಪಯಾನಿನ ದ್ರವ್ಯರಾಶಿ ಶಕ್ತಿಯ ಲೆಕ್ಕದಲ್ಲಿ 139.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಅದಕ್ಕೆ ಸಿಗುವ ಕಾಲ 4.7 × 10⁻²⁴ ಸೆಕೆಂಡು. ಬೆಳಕಿನ ವೇಗದಿಂದ ಗುಣಿಸಿದರೆ ದೂರ 1.4 ಫೆರ್ಮಿ. ಯುಕಾವಾ ಹೊರಟದ್ದು ಇದರ ಉಲ್ಟಾ ದಿಕ್ಕಿನಲ್ಲಿ: ವ್ಯಾಪ್ತಿ ಎಷ್ಟೆಂಬ ಅಂದಾಜು ಅವರ ಕೈಯಲ್ಲಿತ್ತು, ಅದರಿಂದ ಅವರು ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಕದ, ಯಾರೂ ಕಾಣದ ಕಣವೊಂದನ್ನು ಊಹಿಸಿದರು.

ಮರುವರ್ಷವೇ ಕಾಸ್ಮಿಕ್ ಕಿರಣಗಳಲ್ಲಿ ಹೆಚ್ಚುಕಡಿಮೆ ಅದೇ ತೂಕದ ಕಣವೊಂದು ಸಿಕ್ಕಿತು, ಮತ್ತು ಬಹಳ ಮಂದಿ ಅದನ್ನೇ ಯುಕಾವಾ ಕಣವೆಂದು ನಂಬಿದರು. ಅದು ಅಲ್ಲವೆಂದು ತೋರಿಸಿದ್ದು ರೋಮ್ ನಗರದಲ್ಲಿ ಕಾನ್ವರ್ಸಿ, ಪಂಚೀನಿ ಮತ್ತು ಪಿಚ್ಚೋನಿ ನಡೆಸಿದ ಪ್ರಯೋಗ. ಬೈಜಿಕ ಬಲದ ವಾಹಕವೇ ಆಗಿದ್ದರೆ, ಇಂಗಾಲದಲ್ಲಿ ಬಂದು ನಿಂತ ಋಣಾವೇಶದ ಕಣವನ್ನು ಅಲ್ಲಿನ ಬೀಜ ತಕ್ಷಣ ನುಂಗಿಬಿಡಬೇಕಿತ್ತು. ಆ ಕಣಗಳಲ್ಲಿ ಬಹುಪಾಲು ನಿರಾತಂಕವಾಗಿ ತಮ್ಮ ಆಯುಷ್ಯ ಮುಗಿಸಿ ಕ್ಷಯಿಸಿದವು. ಇಂದು ಅದನ್ನು ಮ್ಯುಯಾನ್ ಎನ್ನುತ್ತೇವೆ. ನಿಜವಾದ ಪಯಾನ್ 1947ರಲ್ಲಿ ಬ್ರಿಸ್ಟಲಿನ ತಂಡದ ಛಾಯಾಚಿತ್ರ ಫಲಕಗಳಲ್ಲಿ ಗೆರೆಯಾಗಿ ಕಂಡಿತು: ಒಂದು ಗೆರೆ ಬಂದು ನಿಲ್ಲುತ್ತದೆ, ನಿಂತಲ್ಲಿಂದಲೇ ಮ್ಯುಯಾನಿನ ಹೊಸ ಗೆರೆ ಹೊರಡುತ್ತದೆ.

ಈ ವಿನಿಮಯವನ್ನು ಇಬ್ಬರು ಚೆಂಡು ಎಸೆದಾಡುವ ಚಿತ್ರದಿಂದ ವಿವರಿಸುವ ರೂಢಿಯಿದೆ. ನನಗೆ ಆ ಹೋಲಿಕೆ ಒಗ್ಗುವುದಿಲ್ಲ, ಏಕೆಂದರೆ ಚೆಂಡು ಎಸೆದಾಡುವವರು ಹಿಂದಕ್ಕೆ ಸರಿಯುತ್ತಾರೆಯೇ ಹೊರತು ಹತ್ತಿರ ಬರುವುದಿಲ್ಲ. ವಿನಿಮಯದ ಗುರುತು ಬೇಕೆಂದರೆ ಪ್ರಯೋಗದತ್ತ ನೋಡುವುದು ಮೇಲು. ವೇಗದ ನ್ಯೂಟ್ರಾನುಗಳನ್ನು ಹೈಡ್ರೋಜನ್ ಮೇಲೆ ಹಾಯಿಸಿದಾಗ, ನ್ಯೂಟ್ರಾನ್ ಬಂದ ದಿಕ್ಕಿನಲ್ಲೇ, ಹೆಚ್ಚುಕಡಿಮೆ ಅದರದೇ ಶಕ್ತಿಯಿಂದ ಪ್ರೋಟಾನುಗಳು ಹೊರಬೀಳುವುದು ನಿರೀಕ್ಷೆಗಿಂತ ಬಹಳ ಹೆಚ್ಚು. ನೇರ ಡಿಕ್ಕಿಯಿಂದಲೇ ಇಷ್ಟೊಂದು ಆಗಲಾರದು. ಕಣಗಳು ಸವರಿಕೊಂಡು ಹೋಗುವಾಗ ಆವೇಶವುಳ್ಳ ಪಯಾನ್ ಒಂದರಿಂದ ಇನ್ನೊಂದಕ್ಕೆ ದಾಟಿ, ಬಂದ ನ್ಯೂಟ್ರಾನೇ ಪ್ರೋಟಾನಾಗಿ ಮುಂದೆ ಹೋಗಿದೆ.

ಒಂಟಿ ಪಯಾನ್ ವಿನಿಮಯವೇ ಎಲ್ಲವೂ ಅಲ್ಲ ಎಂಬುದನ್ನೂ ಹೇಳಬೇಕು. ಅದರ ಆಳ್ವಿಕೆ ಸುಮಾರು 2 ಫೆರ್ಮಿಯಿಂದಾಚೆ, ಬಲದ ಹೊರಅಂಚಿನಲ್ಲಿ. ಅದಕ್ಕಿಂತ ಒಳಗೆ ಎರಡು ಪಯಾನುಗಳ ಏಕಕಾಲದ ವಿನಿಮಯ ಬಲವಾದ ಆಕರ್ಷಣೆ ಕೊಡುತ್ತದೆ. ಅರ್ಧ ಫೆರ್ಮಿಯಷ್ಟು ಸಮೀಪಕ್ಕೆ ಬಂದರೆ ಬೈಜಿಕ ಬಲವೇ ತಿರುಗಿಬಿದ್ದು ಕಣಗಳನ್ನು ದೂರ ತಳ್ಳುತ್ತದೆ. ಬೀಜ ಕುಸಿದು ಮುದ್ದೆಯಾಗದಿರುವುದರಲ್ಲಿ ಈ ಗಟ್ಟಿ ತಿರುಳಿನ ಪಾತ್ರ ದೊಡ್ಡದು.

ಈಗ ವ್ಯಾಪ್ತಿಯ ಲೆಕ್ಕವನ್ನು ಸೀಸ-208ಕ್ಕೆ ಒಪ್ಪಿಸೋಣ. 82 ಪ್ರೋಟಾನ್, 126 ನ್ಯೂಟ್ರಾನುಗಳ ಈ ಬೀಜದ ವ್ಯಾಸ ಸುಮಾರು 14 ಫೆರ್ಮಿ, ಅಂದರೆ ಪಯಾನಿನ ವ್ಯಾಪ್ತಿಯ ಹತ್ತು ಪಟ್ಟು. ದೂರ 1.4ರಿಂದ 14 ಫೆರ್ಮಿಗೆ ಏರಿದಾಗ ಕೂಲಂಬ್ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ, ಅಷ್ಟೆ. ವ್ಯಾಪ್ತಿಯಷ್ಟು ದೂರ ಹೆಚ್ಚಿದಾಗಲೆಲ್ಲ ಮತ್ತೆ ಸುಮಾರು 2.72ರಿಂದ ಭಾಗಿಸುವ ಯುಕಾವಾ ಸೂತ್ರದಲ್ಲಿ ಆ ಹತ್ತರ ಜೊತೆಗೆ ಇನ್ನೂ 8,100ರಷ್ಟು ಭಾಗಾಕಾರ ಸೇರಿಕೊಂಡು, ಉಳಿಯುವುದು 81,000ದಲ್ಲಿ ಒಂದು ಪಾಲು. ಬೀಜದ ಒಂದು ಅಂಚಿನ ಪ್ರೋಟಾನಿಗೆ ಎದುರು ಅಂಚಿನ ಪ್ರೋಟಾನಿನ ತಳ್ಳುವಿಕೆ ಚೆನ್ನಾಗಿಯೇ ತಟ್ಟುತ್ತದೆ, ಅದರ ಆಕರ್ಷಣೆ ಮಾತ್ರ ತಟ್ಟುವುದೇ ಇಲ್ಲ.

ಹೀಗಾಗಿ ಆಕರ್ಷಣೆ ಬೆಳೆಯುವುದು ನೆರೆಯವರ ಎಣಿಕೆಯಂತೆ, ವಿಕರ್ಷಣೆ ಬೆಳೆಯುವುದು ಎಲ್ಲ ಜೋಡಿಗಳ ಎಣಿಕೆಯಂತೆ. ಹೀಲಿಯಮ್-3ರಲ್ಲಿ ಪ್ರೋಟಾನ್ ಜೋಡಿ ಒಂದೇ, ಸೀಸದಲ್ಲಿ 3,321. ಅವೆಲ್ಲದರ ವಿಕರ್ಷಣ ಶಕ್ತಿ ಸುಮಾರು 800 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಅದನ್ನು ಕಳೆದ ಮೇಲೆ ಉಳಿದ ಬಂಧನ ಶಕ್ತಿ 1,636. ಎಂದರೆ ಹತ್ತರಲ್ಲಿ ಒಂದಾಗಿದ್ದ ತೆರಿಗೆ ಈಗ ಉಳಿಕೆಯ ಅರ್ಧಕ್ಕೆ ಏರಿದೆ. ಆ 44 ಹೆಚ್ಚುವರಿ ನ್ಯೂಟ್ರಾನುಗಳು ಇರುವುದು ಇದಕ್ಕಾಗಿಯೇ: ಅವು ನೆರೆಯವರನ್ನು ಹಿಡಿಯುತ್ತವೆ, ಯಾರನ್ನೂ ತಳ್ಳುವುದಿಲ್ಲ. ಆದರೆ ಅವನ್ನೂ ಮನಸ್ಸಿಗೆ ಬಂದಷ್ಟು ತುಂಬಲಾಗದು. ಒಂದೇ ಬಗೆಯ ಎರಡು ಕಣಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎನ್ನುವ ಪೌಲಿ ನಿಯಮದಂತೆ ಪ್ರತಿಯೊಂದು ಹೊಸ ನ್ಯೂಟ್ರಾನ್ ಇನ್ನೂ ಮೇಲಿನ ಶಕ್ತಿಸ್ತರದಲ್ಲಿ ಕೂರಬೇಕಾಗುತ್ತದೆ, ಕೊನೆಗೆ ಅದು ಬೀಟಾ ಕ್ಷಯದಿಂದ ಪ್ರೋಟಾನಾಗಿ ಮಾರ್ಪಡುವುದೇ ಲಾಭವಾಗುತ್ತದೆ.

ಸೀಸಕ್ಕೆ ಇನ್ನೊಂದು ಪ್ರೋಟಾನ್ ಸೇರಿಸಿದರೆ ಬಿಸ್ಮತ್-209. ಬಹುಕಾಲ ಇದನ್ನು ಸ್ಥಿರವೆಂದೇ ಪಠ್ಯಗಳು ಹೇಳುತ್ತಿದ್ದವು. ಅದು ಎರಡು ಪ್ರೋಟಾನ್, ಎರಡು ನ್ಯೂಟ್ರಾನುಗಳ ಗುಂಪಾದ ಆಲ್ಫಾ ಕಣವೊಂದನ್ನು ಉಗುಳಿ ಕ್ಷಯಿಸುವುದನ್ನು 2003ರಲ್ಲಿ ಫ್ರಾನ್ಸಿನಲ್ಲಿ ಅಳೆದರು. ಅರ್ಧಾಯುಷ್ಯ ಸುಮಾರು 2 × 10¹⁹ ವರ್ಷ, ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗೂ ಹೆಚ್ಚು.