ಬಿಲ್ಲಿನ ಮೊತ್ತವೇ ಅಸಲಲ್ಲ: ಇನ್‌ಪುಟ್ ತೆರಿಗೆ ಕ್ರೆಡಿಟ್ ವ್ಯಾಪಾರಿಯ ಲೆಕ್ಕವನ್ನು ಬದಲಿಸಿದ ಬಗೆ

ಸಣ್ಣ ಅಂಗಡಿಗಳ ಖರೀದಿ ಬಿಲ್ಲುಗಳನ್ನು ನೋಡಿದಾಗ ಒಂದು ಗುರುತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬಿಲ್ಲಿನಲ್ಲಿ ಸರಕಿನ ಮೌಲ್ಯ 1,000 ರೂಪಾಯಿ, ಅದರ ಕೆಳಗೆ ಕೇಂದ್ರದ ಪಾಲಾದ ಸಿಜಿಎಸ್‌ಟಿ 90, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ 90, ಕೊನೆಯಲ್ಲಿ ಒಟ್ಟು 1,180 ಎಂದು ಅಚ್ಚಾಗಿರುತ್ತದೆ. ವ್ಯಾಪಾರಿಯು ಆ ಕೊನೆಯ ಮೊತ್ತಕ್ಕೆ ಪೆನ್ನಿನಿಂದ ಸುತ್ತು ಹಾಕಿ ಪಕ್ಕದಲ್ಲಿ ‘ಅಸಲು’ ಎಂದು ಬರೆದಿರುತ್ತಾನೆ. ಅವನು ಕೈಯಿಂದ ಕೊಟ್ಟದ್ದು 1,180 ರೂಪಾಯಿಯೇ ಆದ್ದರಿಂದ ಹಾಗೆ ಬರೆಯುವುದು ಸಹಜ. ಆದರೆ ಜಿಎಸ್‌ಟಿಯಡಿ ನೋಂದಾಯಿತ ವ್ಯಾಪಾರಿಯ ಪಾಲಿಗೆ ಅದು ಅಸಲಲ್ಲ. ಖರೀದಿಗೆ ಕೊಟ್ಟ ತೆರಿಗೆಯನ್ನು ಅವನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಇದೇ ಇನ್‌ಪುಟ್ ತೆರಿಗೆ ಕ್ರೆಡಿಟ್. ಅದನ್ನು ಅಸಲೆಂದು ಹಿಡಿದು ಕಟ್ಟಿದ ಮಾರಾಟ ಬೆಲೆ ಕೆಲವೊಮ್ಮೆ ಗಿರಾಕಿಯನ್ನು ಕಳೆಯುತ್ತದೆ, ಕೆಲವೊಮ್ಮೆ ವ್ಯಾಪಾರಿಗೇ ನಷ್ಟ ತರುತ್ತದೆ. ಈ ತಪ್ಪು ಅಜಾಗರೂಕತೆಯಿಂದ ಬಂದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಕಾಲದಲ್ಲಿ ಅದೇ ಸರಿಯಾದ ಲೆಕ್ಕವಾಗಿತ್ತು.

1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯ ಕಾಲದಲ್ಲಿ ಬಹುಪಾಲು ಸರಕುಗಳಿಗೆ ರಾಜ್ಯದೊಳಗಿನ ಮೊದಲ ಮಾರಾಟದಲ್ಲಿ ಒಮ್ಮೆ ತೆರಿಗೆ ಬೀಳುತ್ತಿತ್ತು. ಆ ತೆರಿಗೆಯನ್ನು ಮುಂದಿನ ವ್ಯಾಪಾರಿ ಎಲ್ಲಿಂದಲೂ ಮರಳಿ ಪಡೆಯುವಂತಿರಲಿಲ್ಲ. ಅದು ಸರಕಿನ ಬೆಲೆಯೊಳಗೆ ಕರಗಿ ಅವನ ಅಸಲಿನ ಭಾಗವಾಗುತ್ತಿತ್ತು. ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದೆಂಬ ವಿಚಾರ ದೇಶದಲ್ಲಿ ವ್ಯಾಪಕವಾಗಿ ಜಾರಿಗೆ ಬಂದದ್ದು 1986ರ ಬಜೆಟ್ಟಿನಲ್ಲಿ. ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅವರು ತಂದ ‘ಮಾಡ್‌ವ್ಯಾಟ್’ ವ್ಯವಸ್ಥೆಯು ಕಚ್ಚಾ ಸಾಮಗ್ರಿಯ ಮೇಲಿನ ಅಬಕಾರಿ ಸುಂಕವನ್ನು ಸಿದ್ಧ ವಸ್ತುವಿನ ಸುಂಕದಲ್ಲಿ ಹೊಂದಿಸಿಕೊಳ್ಳಲು ತಯಾರಕರಿಗೆ ಅವಕಾಶ ಕೊಟ್ಟಿತು. ಅದು ಕಾರ್ಖಾನೆಯ ಗೇಟಿನವರೆಗೆ ಮಾತ್ರ. ಕೊಂಡು ಮಾರುವ ವ್ಯಾಪಾರಿಗೆ ಅದರಿಂದ ನೇರವಾಗಿ ಏನೂ ದಕ್ಕಲಿಲ್ಲ.

ವ್ಯಾಪಾರಿಯ ಲೆಕ್ಕ ನಿಜವಾಗಿ ಬದಲಾದದ್ದು 2005ರ ಏಪ್ರಿಲ್ 1ರಂದು, ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆಯಾದ ವ್ಯಾಟ್ ಜಾರಿಯಾದಾಗ. ಆದರೂ ಅದು ಅರ್ಧ ಬದಲಾವಣೆಯಷ್ಟೇ. ಜಿಎಸ್‌ಟಿಗೆ ಸ್ವಲ್ಪ ಮೊದಲು, ಅಬಕಾರಿ ಸುಂಕ ಶೇ 12.5 ಮತ್ತು ವ್ಯಾಟ್ ಶೇ 14.5 ಇದ್ದ ಸರಕೊಂದು ಕಾರ್ಖಾನೆಯಿಂದ 1,000 ರೂಪಾಯಿಗೆ ಹೊರಬಿತ್ತು ಎಂದುಕೊಳ್ಳೋಣ. ಸುಂಕ ಸೇರಿ ಅದು 1,125 ಆಗುತ್ತಿತ್ತು, ಅದರ ಮೇಲೆ ಸುಮಾರು 163 ರೂಪಾಯಿ ವ್ಯಾಟ್ ಬೀಳುತ್ತಿತ್ತು. ವ್ಯಾಟ್‌ನ 163 ರೂಪಾಯಿಯನ್ನು ವ್ಯಾಪಾರಿ ತನ್ನ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು, 125 ರೂಪಾಯಿ ಸುಂಕವನ್ನಲ್ಲ. ಹೀಗಾಗಿ ಅವನ ಅಸಲು 1,125. ಅದೇ ಸರಕನ್ನು ಹೊರರಾಜ್ಯದಿಂದ ‘ಸಿ’ ಫಾರಂ ಎಂಬ ರಿಯಾಯಿತಿ ದರದ ಪತ್ರ ಕೊಟ್ಟು ತರಿಸಿದ್ದರೆ ಶೇ 2ರ ಕೇಂದ್ರ ಮಾರಾಟ ತೆರಿಗೆಯೂ ಮರಳದೆ ಅಸಲು 1,147.50ಕ್ಕೆ ಏರುತ್ತಿತ್ತು. ಅಂಗಡಿಯ ಬಾಡಿಗೆಯ ಮೇಲಿನ ಸೇವಾ ತೆರಿಗೆಯೂ ವೆಚ್ಚದ ಖಾತೆಗೇ ಹೋಗುತ್ತಿತ್ತು. ಬಿಲ್ಲಿನಲ್ಲಿ ಕಾಣುವ ತೆರಿಗೆಯಲ್ಲಿ ಒಂದು ಭಾಗ ಮರಳುತ್ತದೆ, ಇನ್ನೊಂದು ಭಾಗ ಮರಳುವುದಿಲ್ಲ ಎಂಬ ಈ ಗೊಂದಲದ ಅವಧಿಯಲ್ಲಿ ಅನೇಕರು ಒಟ್ಟು ಮೊತ್ತವನ್ನೇ ಅಸಲೆಂದು ಹಿಡಿಯುವ ಹಳೆಯ ರೂಢಿಯನ್ನು ಬಿಡಲಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅಬಕಾರಿ ಸುಂಕ, ಸೇವಾ ತೆರಿಗೆ, ವ್ಯಾಟ್ ಮತ್ತು ಕೇಂದ್ರ ಮಾರಾಟ ತೆರಿಗೆಗಳು ಬಹುತೇಕ ಸರಕುಗಳ ಮಟ್ಟಿಗೆ ಒಂದೇ ಸರಪಳಿಯೊಳಗೆ ಸೇರಿದವು. ಹೊರರಾಜ್ಯದ ಖರೀದಿಯ ಮೇಲಿನ ಐಜಿಎಸ್‌ಟಿಗೂ ಕ್ರೆಡಿಟ್ ಸಿಗತೊಡಗಿತು. ಅಂದು ಅಂಗಡಿಗಳಲ್ಲಿದ್ದ ಹಳೆಯ ದಾಸ್ತಾನಿಗೆ ಕಾನೂನು ಮಾಡಿದ ಏರ್ಪಾಡಿನಲ್ಲಿ ಇಡೀ ಬದಲಾವಣೆಯ ತಿರುಳು ಕಾಣುತ್ತದೆ. ಅಬಕಾರಿ ಸುಂಕ ಕಟ್ಟಿದ ದಾಖಲೆ ಇದ್ದ ವ್ಯಾಪಾರಿಗೆ, ಷರತ್ತುಗಳಿಗೆ ಒಳಪಟ್ಟು, ಆ ಸುಂಕವನ್ನು ಕ್ರೆಡಿಟ್ಟಾಗಿ ಪಡೆಯಲು ಅವಕಾಶವಿತ್ತು. ಅಂದರೆ ಮೇಲಿನ ಉದಾಹರಣೆಯ ಸರಕಿನ ಅಸಲು ಒಂದೇ ರಾತ್ರಿಯಲ್ಲಿ 1,125ರಿಂದ 1,000ಕ್ಕೆ ಇಳಿಯಿತು. ಸುಂಕದ ದಾಖಲೆ ಇಲ್ಲದವರಿಗೆ, ಕೇಂದ್ರದ ತೆರಿಗೆ ದರ ಶೇ 9 ಅಥವಾ ಅದಕ್ಕಿಂತ ಹೆಚ್ಚಿದ್ದ ಸರಕುಗಳಲ್ಲಿ, ಮಾರಿದ ಮೇಲೆ ಕಟ್ಟಿದ ಸಿಜಿಎಸ್‌ಟಿಯ ಶೇ 60ರಷ್ಟನ್ನು, ಉಳಿದವುಗಳಲ್ಲಿ ಶೇ 40ರಷ್ಟನ್ನು ಆರು ತಿಂಗಳವರೆಗೆ ಕ್ರೆಡಿಟ್ಟಾಗಿ ಕೊಡಲಾಯಿತು. ಕಪಾಟಿನಲ್ಲಿ ಒಂದೇ ಬಗೆಯ ಎರಡು ಪೆಟ್ಟಿಗೆಗಳು ಅಕ್ಕಪಕ್ಕದಲ್ಲಿದ್ದರೂ, ಒಂದಕ್ಕೆ ದಾಖಲೆಯಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಅವುಗಳ ಅಸಲು ಬೇರೆಬೇರೆಯಾಗಿತ್ತು.

ಈಗ ಇಂದಿನ ಲೆಕ್ಕಕ್ಕೆ ಬರೋಣ. ಶೇ 18 ತೆರಿಗೆಯ ಸೀಲಿಂಗ್ ಫ್ಯಾನೊಂದನ್ನು ವ್ಯಾಪಾರಿ 1,000 ರೂಪಾಯಿ ಮತ್ತು 180 ರೂಪಾಯಿ ತೆರಿಗೆ ಕೊಟ್ಟು ಕೊಂಡಿದ್ದಾನೆ. ಸಾಗಣೆ, ಹಮಾಲಿ, ಆಳಿನ ಸಂಬಳ, ಬಾಡಿಗೆ ಎಲ್ಲ ಸೇರಿ ಒಂದು ಫ್ಯಾನಿನ ಮೇಲೆ 100 ರೂಪಾಯಿ ಖರ್ಚು ಬೀಳುತ್ತದೆ. ಈ ಖರ್ಚಿನ ಮೇಲೆ ಅವನು ಯಾವ ಜಿಎಸ್‌ಟಿಯನ್ನೂ ಕೊಟ್ಟಿಲ್ಲ ಎಂದಿಟ್ಟುಕೊಳ್ಳೋಣ. ಅವನು ಕೊಟ್ಟ 180 ರೂಪಾಯಿ ಕ್ರೆಡಿಟ್ ಲೆಡ್ಜರಿನಲ್ಲಿ ಅವನ ಹೆಸರಿಗೇ ಜಮೆಯಾಗಿ ಮುಂದಿನ ಮಾರಾಟದ ತೆರಿಗೆಗೆ ಸಲ್ಲುವುದರಿಂದ ಅದು ಮುಂಗಡವೇ ಹೊರತು ವೆಚ್ಚವಲ್ಲ. ಆದ್ದರಿಂದ ಅವನ ನಿಜವಾದ ಅಸಲು 1,100. ನಷ್ಟವಿಲ್ಲದೆ ಮಾರಬಹುದಾದ ಕನಿಷ್ಠ ಬೆಲೆ ತೆರಿಗೆ ಬಿಟ್ಟು 1,100, ತೆರಿಗೆ ಸೇರಿ 1,298.

ಬಿಲ್ಲಿನ ಒಟ್ಟು ಮೊತ್ತವನ್ನು ಅಸಲೆಂದು ಹಿಡಿದವನು 1,180ಕ್ಕೆ 100 ಸೇರಿಸಿ, ತೆರಿಗೆಯೆಲ್ಲ ಸೇರಿ 1,280ಕ್ಕೆ ಕೊಟ್ಟರೂ ಕೈ ಕಚ್ಚುವುದಿಲ್ಲ ಎಂದುಕೊಳ್ಳುತ್ತಾನೆ. ಅದು ಕಚ್ಚುತ್ತದೆ. 1,280ರಲ್ಲಿ ಸರಕಿನ ಮೌಲ್ಯ 1,084.75, ತೆರಿಗೆ 195.25. ಕ್ರೆಡಿಟ್ಟಿನ 180 ಕಳೆದು ಉಳಿದ 15.25 ರೂಪಾಯಿಯನ್ನು ಅವನು ಸರ್ಕಾರಕ್ಕೆ ಕಟ್ಟಬೇಕು. ಒಟ್ಟು ಹೋದದ್ದು 1,295.25, ಬಂದದ್ದು 1,280. ಪ್ರತಿ ಫ್ಯಾನಿಗೆ 15.25 ರೂಪಾಯಿ ನಷ್ಟ. ಅವನ ಕಣ್ತಪ್ಪಿದ್ದು ಒಂದೇ ವಿಷಯ: ತೆರಿಗೆ ಬೀಳುವುದು ಸರಕಿನ ಖರೀದಿ ಬೆಲೆಯ ಮೇಲೆ ಮಾತ್ರವಲ್ಲ, ಅವನು ಬೆಲೆಯೊಳಗೆ ಸೇರಿಸುವ ಸಂಬಳ, ಬಾಡಿಗೆ ಮತ್ತು ಲಾಭದ ಮೇಲೂ ಹೌದು. ಕ್ರೆಡಿಟ್ ಇಲ್ಲದ ಖರ್ಚು ಹೆಚ್ಚಿದಷ್ಟೂ ಈ ಅಂತರ ಹಿಗ್ಗುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ಅದೇ 1,280ನ್ನು ಅಸಲೆಂದು ತಿಳಿದು, ಅದರ ಮೇಲೆ ಮತ್ತೆ ಶೇ 18 ಸೇರಿಸಿ 1,510.40 ಎಂದು ದರಪಟ್ಟಿ ಕೊಟ್ಟವನು ಕೊಟ್ಟ ತೆರಿಗೆಯ ಮೇಲೂ ತೆರಿಗೆ ಹಾಕಿದಂತಾಯಿತು. ಕೊಳ್ಳುವವನು ಸ್ವತಃ ನೋಂದಾಯಿತ ಗುತ್ತಿಗೆದಾರನೋ ವ್ಯಾಪಾರಿಯೋ ಆಗಿದ್ದು ಅವನಿಗೂ ಕ್ರೆಡಿಟ್ ಸಿಗುವಂತಿದ್ದರೆ, ಅವನು ನೋಡುವುದು ತೆರಿಗೆ ಬಿಟ್ಟ ಬೆಲೆಯನ್ನು ಮಾತ್ರ. ಪಕ್ಕದ ಅಂಗಡಿಯವನು 1,150 ಮತ್ತು ತೆರಿಗೆ ಎಂದು ಹೇಳಿ, 50 ರೂಪಾಯಿ ಲಾಭ ಇಟ್ಟುಕೊಂಡೇ ಆ ವ್ಯಾಪಾರವನ್ನು ಗಿಟ್ಟಿಸಿಕೊಳ್ಳುತ್ತಾನೆ.

ಒಟ್ಟು ಮೊತ್ತವನ್ನು ಅಸಲೆಂದು ಹಿಡಿಯುವುದು ಸರಿಯಾಗಿರುವುದು ಇಂದು ಕಾಂಪೋಸಿಷನ್ ಯೋಜನೆಯ ವ್ಯಾಪಾರಿಗೆ. ಅವನಿಗೆ ಕ್ರೆಡಿಟ್ ಇಲ್ಲ, ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ವಹಿವಾಟಿನ ಶೇ 1ರಷ್ಟನ್ನು ತನ್ನ ಕೈಯಿಂದಲೇ ಕಟ್ಟಬೇಕು. ಅದೇ ಫ್ಯಾನಿಗೆ ಅವನ ಅಸಲು 1,280. ಶೇ 1 ಕಳೆದ ಮೇಲೆ ಅಷ್ಟು ಉಳಿಯಬೇಕಾದರೆ ಕನಿಷ್ಠ ಬೆಲೆ ಸುಮಾರು 1,293. ಮನೆಗೆ ಕೊಳ್ಳುವ ಗಿರಾಕಿಗೆ ಇದು 1,298ಕ್ಕಿಂತ ಐದು ರೂಪಾಯಿ ಅಗ್ಗ, ಲಾಭಾಂಶ ಸೇರಿದಾಗ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ನೋಂದಾಯಿತ ಖರೀದಿದಾರನಿಗಾದರೋ 1,293 ಪೂರ್ತಿ ವೆಚ್ಚ, ಕ್ರೆಡಿಟ್ ಸಿಗುವ ವ್ಯಾಪಾರಿಯ ಬಳಿ ಕೊಂಡರೆ ಅದೇ ಫ್ಯಾನಿನ ವೆಚ್ಚ 1,100ರ ಆಸುಪಾಸು. ಯಾರಿಗೆ ಹೆಚ್ಚು ಮಾರುತ್ತೇನೆ ಎಂಬುದನ್ನು ನೋಡದೆ ಈ ಯೋಜನೆಗೆ ಸೇರುವುದು ಸರಿಯಲ್ಲ.

ಇಷ್ಟೂ ಲೆಕ್ಕ ನಿಂತಿರುವುದು 180 ರೂಪಾಯಿ ನಿಜವಾಗಿ ದಕ್ಕುತ್ತದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಗೆ ಕಾನೂನು ವರ್ಷದಿಂದ ವರ್ಷಕ್ಕೆ ಹೆಚ್ಚು ಷರತ್ತುಗಳನ್ನು ಹಾಕುತ್ತ ಬಂದಿದೆ. ಖರೀದಿ ಮತ್ತು ಮಾರಾಟದ ಬಿಲ್ಲುಗಳನ್ನು ತಾಳೆ ನೋಡುವ ಮೂಲ ವ್ಯವಸ್ಥೆ 2017ರಲ್ಲೇ ನಿಂತುಹೋದ್ದರಿಂದ, ಮೊದಲ ಎರಡು ವರ್ಷ ವ್ಯಾಪಾರಿಗಳು ತಮ್ಮ ಬಳಿಯಿರುವ ಬಿಲ್ಲುಗಳ ಆಧಾರದ ಮೇಲೆಯೇ ಕ್ರೆಡಿಟ್ ಪಡೆಯುತ್ತಿದ್ದರು. 2019ರ ಅಕ್ಟೋಬರಿನಿಂದ, ಸರಬರಾಜುದಾರ ತೋರಿಸದ ಬಿಲ್ಲುಗಳ ಕ್ರೆಡಿಟ್, ತೋರಿಸಿದವುಗಳ ಶೇ 20ನ್ನು ಮೀರಬಾರದೆಂಬ ಮಿತಿ ಬಂತು. ಅದು ಶೇ 10ಕ್ಕೆ, ಬಳಿಕ ಶೇ 5ಕ್ಕೆ ಇಳಿದು, 2022ರ ಜನವರಿ 1ರಿಂದ ಇಲ್ಲವೇ ಇಲ್ಲವಾಯಿತು. ಇಂದು ಸರಬರಾಜುದಾರ ತನ್ನ ರಿಟರ್ನಿನಲ್ಲಿ ಆ ಬಿಲ್ಲನ್ನು ತೋರಿಸದಿದ್ದರೆ ಕ್ರೆಡಿಟ್ ಇಲ್ಲ.

ಕ್ರೆಡಿಟ್ ತಪ್ಪಿದ ಕ್ಷಣದಲ್ಲಿ 180 ರೂಪಾಯಿ ಮುಂಗಡದಿಂದ ವೆಚ್ಚಕ್ಕೆ ಜಾರುತ್ತದೆ, ಅಸಲು 1,280 ಆಗುತ್ತದೆ. ಆದರೆ ಫ್ಯಾನು ಆಗಲೇ ಮಾರಾಟವಾಗಿರುತ್ತದೆ. 1,160 ಮತ್ತು ತೆರಿಗೆಗೆ ಮಾರಿ 60 ರೂಪಾಯಿ ಗಳಿಸಿದ್ದವನಿಗೆ ಒಂದು ಫ್ಯಾನಿನ ಕ್ರೆಡಿಟ್ ಹೋದರೆ ಮೂರು ಫ್ಯಾನುಗಳ ಲಾಭ ಹೋದಂತೆ. ಒಡೆದುಹೋದ, ಕಳುವಾದ ಅಥವಾ ಉಡುಗೊರೆಯಾಗಿ ಕೊಟ್ಟ ಸರಕಿಗೂ ಕ್ರೆಡಿಟ್ ನಿಲ್ಲುವುದಿಲ್ಲ: ಹತ್ತು ಫ್ಯಾನುಗಳಲ್ಲಿ ಒಂದು ಹಾಳಾದರೆ ಅದರ 180 ರೂಪಾಯಿಯನ್ನು ಹಿಂತಿರುಗಿಸಬೇಕು, ಉಳಿದ ಒಂಬತ್ತರ ಖರೀದಿ ಅಸಲು 1,000ದಿಂದ ಸುಮಾರು 1,131ಕ್ಕೆ ಏರುತ್ತದೆ.

ತೊಂದರೆಯನ್ನು ಮೊದಲೇ ಪತ್ತೆಹಚ್ಚುವ ಸಾಧನವೆಂದರೆ ಪ್ರತಿ ತಿಂಗಳ 14ರಂದು ಪೋರ್ಟಲಿನಲ್ಲಿ ಸಿದ್ಧವಾಗುವ, ಸರಬರಾಜುದಾರರು ತೋರಿಸಿದ ಬಿಲ್ಲುಗಳ ಪಟ್ಟಿಯಾದ GSTR-2B. ಖರೀದಿ ಪುಸ್ತಕವನ್ನು ಅದರೊಂದಿಗೆ ಬಿಲ್ಲು ಬಿಲ್ಲಾಗಿ ತಾಳೆ ನೋಡಿ, ಅದರಲ್ಲಿ ಕಾಣದ ಬಿಲ್ಲಿನ ಸರಕಿಗೆ ಸದ್ಯಕ್ಕೆ ತೆರಿಗೆ ಸೇರಿದ ಅಸಲನ್ನೇ ಹಿಡಿಯುವುದು ಕ್ಷೇಮ. ಆದರೆ ಅಲ್ಲಿ ಬಿಲ್ಲು ಕಂಡಿತೆಂದರೆ ಸರಬರಾಜುದಾರ ಅದನ್ನು ತೋರಿಸಿದ್ದಾನೆ ಎಂದಷ್ಟೇ ಅರ್ಥ, ತೆರಿಗೆ ಕಟ್ಟಿದ್ದಾನೆ ಎಂದಲ್ಲ. ಆರ್ಥಿಕ ವರ್ಷ ಮುಗಿದು ಬರುವ ಸೆಪ್ಟೆಂಬರ್ 30ರೊಳಗೆ ಅವನು ತೆರಿಗೆ ಕಟ್ಟುವ ರಿಟರ್ನಾದ ಆ ಅವಧಿಯ GSTR-3B ಸಲ್ಲಿಸದಿದ್ದರೆ ಕೊಂಡವನು ನವೆಂಬರ್ 30ರೊಳಗೆ ಕ್ರೆಡಿಟ್ಟನ್ನು ಹಿಂತಿರುಗಿಸಬೇಕು. ಸರಬರಾಜುದಾರ ಮುಂದೆಂದೋ ಅದನ್ನು ಸಲ್ಲಿಸಿದಾಗ ಕೊಂಡವನು ಕ್ರೆಡಿಟ್ಟನ್ನು ಮರಳಿ ಪಡೆಯಬಹುದು. ತನ್ನ ಪಾಲಿನ ತೆರಿಗೆಯನ್ನು ಪ್ರಾಮಾಣಿಕವಾಗಿ ಕೊಟ್ಟವನ ಮೇಲೆ ಇನ್ನೊಬ್ಬನ ತಪ್ಪಿನ ಹೊರೆ ಬೀಳುವುದು ನ್ಯಾಯವಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಹೊಸ ಸರಬರಾಜುದಾರರೊಂದಿಗೆ ಕೆಲವರು ಸರಕಿನ 1,000 ರೂಪಾಯಿಯನ್ನು ಕೂಡಲೇ ಕೊಟ್ಟು, ತೆರಿಗೆಯ 180ನ್ನು ಬಿಲ್ಲು GSTR-2Bಯಲ್ಲಿ ಕಂಡ ಮೇಲೆ ಕೊಡುವ ಒಪ್ಪಂದ ಮಾಡಿಕೊಳ್ಳುತ್ತಾರೆ. ಹಾಗೆ ತಡೆಹಿಡಿಯುವುದಕ್ಕೂ ಗಡುವಿದೆ: ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ತೆರಿಗೆಯೂ ಸೇರಿ ಪೂರ್ತಿ ಹಣ ಪಾವತಿಯಾಗದಿದ್ದರೆ, ಬಾಕಿ ಉಳಿದಷ್ಟಕ್ಕೆ ಪಡೆದ ಕ್ರೆಡಿಟ್ಟನ್ನು ಬಡ್ಡಿಯೊಂದಿಗೆ ಹಿಂತಿರುಗಿಸಬೇಕಾಗುತ್ತದೆ.